‘ಪ್ಲಾನ್ ರದ್ದು’, ‘ಡೊಮೇನ್ ವರ್ಗಾವಣೆ’: ಕೈಪಿಡಿಯಲ್ಲಿ ಯಾವ ಪದ ಬಳಸಲಿ?

ಪ್ರಶ್ನೆ, ಶಿವಮೊಗ್ಗದಿಂದ

ಗೆಳೆಯರೇ,

ನಮ್ಮ ಸ್ಥಳೀಯ ಇತಿಹಾಸದ ಬಳಗಕ್ಕಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬಳಗದ ಸೈಟು ವರ್ಡ್‌ಪ್ರೆಸ್.ಕಾಂನಲ್ಲಿ ವರ್ಷದ ಪ್ಲಾನಿನಲ್ಲಿದೆ. ಡೊಮೇನ್ ಹೆಸರನ್ನೂ ಅಲ್ಲೇ ಕೊಂಡದ್ದು. ಈಗ ಬರಹ, ಫೋಟೋಗಳನ್ನು ಬೇರೆ ಹೋಸ್ಟಿಂಗ್‌ಗೆ ಒಯ್ಯಬೇಕು, ಪ್ಲಾನ್ ಬಿಡಬೇಕು, ಹೆಸರು ಮಾತ್ರ ನಮ್ಮ ಹತ್ತಿರವೇ ಉಳಿಯಬೇಕು. ಬಟನ್ ಒತ್ತುವವರು ನಮ್ಮ ಖಜಾಂಚಿಯವರು. ಇಂಗ್ಲಿಷ್ ಪರದೆಯನ್ನು ಕೈಪಿಡಿ ಪಕ್ಕದಲ್ಲಿ ಇಟ್ಟುಕೊಂಡೇ ಓದುತ್ತಾರೆ.

ತೊಡಕು ‘ರದ್ದು’ ಪದದಲ್ಲಿದೆ. ಮುಂದಿನ ವರ್ಷದ ಹಣ ತಾನಾಗಿ ಕಡಿತವಾಗುವುದನ್ನು ತಡೆಯುವುದಕ್ಕೂ ನನ್ನ ಕರಡಿನಲ್ಲಿ ‘ರದ್ದು’ ಎಂದಿದೆ. ಪ್ಲಾನನ್ನು ಇವತ್ತೇ ತೆಗೆದುಹಾಕುವುದಕ್ಕೂ ‘ರದ್ದು’. ಸೈಟನ್ನೇ ಅಳಿಸುವುದಕ್ಕೂ ಒಂದು ಕಡೆ ಅದೇ ಪದ ಬಿದ್ದಿದೆ. ಇದರ ಮೇಲೆ, ‘ಖಚಿತವೇ?’ ಎಂದು ಕೇಳುವ ಪೆಟ್ಟಿಗೆಯಲ್ಲಿ `Cancel` ಎಂಬ ಬಟನ್ ಬಂದರೆ ಅದರ ಅರ್ಥ ‘ಬೇಡ, ಇದ್ದಂತೆಯೇ ಇರಲಿ’. ಅದನ್ನೂ ‘ರದ್ದುಮಾಡಿ’ ಎಂದು ಬರೆದರೆ ಓದಿದವರು ಸರಿಯಾಗಿ ಉಲ್ಟಾ ಮಾಡುತ್ತಾರೆ.

‘ವರ್ಗಾವಣೆ’ಯದ್ದೂ ಇದೇ ಕಥೆ. ಬರಹ ಸಾಗಿಸುವುದು, ಹೆಸರನ್ನು ಹೊಸ ಜಾಗಕ್ಕೆ ತಿರುಗಿಸುವುದು, ಹೆಸರನ್ನೇ ಡೊಮೇನ್ ನೋಂದಾಯಿಸುವ ಬೇರೆ ಕಂಪನಿಗೆ ಅಂದರೆ ರಿಜಿಸ್ಟ್ರಾರ್‌ಗೆ ಕೊಡುವುದು, ಮೂರಕ್ಕೂ ಒಂದೇ ಪದ ಸಾಕೇ? ನೀವೆಲ್ಲ ಏನು ಬಳಸುತ್ತೀರಿ?

ಉತ್ತರ, ಹುಬ್ಬಳ್ಳಿಯಿಂದ

ಪದ ಆಮೇಲೆ ನೋಡೋಣ, ಮೊದಲು ಹೆಸರು ಉಳಿಸಿಕೊಳ್ಳಿ. ಪ್ಲಾನ್ ಹೋದರೆ ಅದರ ಜೊತೆ ಬಂದ ಡೊಮೇನ್ ಕೂಡ ಹೋಗುತ್ತದೆ. ಹಾಗಾಗಿ ಡೊಮೇನನ್ನು ಮೊದಲು ಬೇರೆ ರಿಜಿಸ್ಟ್ರಾರ್‌ಗೆ ವರ್ಗ ಮಾಡಿ, ಆಮೇಲೆ ಪ್ಲಾನ್ ರದ್ದು ಮಾಡಬೇಕು. ನಾನು ಎಲ್ಲರಿಗೂ ಇದನ್ನೇ ಹೇಳುವುದು. ಪದಗಳು ನೀವು ಬರೆದಂತೆಯೇ ಇರಲಿ, ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ‘ವರ್ಗಾವಣೆ’ ಗೊತ್ತೇ ಇದೆಯಲ್ಲ.

ಉತ್ತರ, ಬೆಂಗಳೂರಿನಿಂದ

ಹುಬ್ಬಳ್ಳಿಯ ಸರ್ ಹೇಳಿದ್ದರಲ್ಲಿ ಅರ್ಧ ನಿಜ. ಪ್ಲಾನ್ ತೆಗೆಯುವಾಗ ‘ಡೊಮೇನನ್ನೂ ತೆಗೆಯಲೇ’ ಎಂಬ ಆಯ್ಕೆ ಬರಬಹುದು. ಅಲ್ಲಿ ಅವಸರದಲ್ಲಿ ಹೌದು ಎಂದರೆ ಹೆಸರು ಹೋಯಿತು. ಆದರೆ ಪ್ಲಾನ್ ಮತ್ತು ಡೊಮೇನ್ ಎರಡು ಬೇರೆ ಬೇರೆ ಖರೀದಿಗಳು. ಖಾತೆಯ ಖರೀದಿ ಪುಟದಲ್ಲಿ ಎರಡು ಸಾಲಾಗಿಯೇ ಕಾಣುತ್ತವೆ, ಎರಡಕ್ಕೂ ಬೇರೆ ಬೇರೆ ಮುಗಿಯುವ ತಾರೀಖು ಇರುತ್ತದೆ. ಡೊಮೇನ್ ಅಲ್ಲೇ ಇಟ್ಟುಕೊಂಡು, ಅದರ ವರ್ಷದ ಶುಲ್ಕ ಕಟ್ಟುತ್ತಾ, ಸೈಟನ್ನು ಮಾತ್ರ ಬೇರೆ ಕಡೆ ನಡೆಸಬಹುದು. ವರ್ಗಾವಣೆ ಕಡ್ಡಾಯವಲ್ಲ.

ಕೆಲವು ಸಲ ತಕ್ಷಣ ವರ್ಗ ಮಾಡಲು ಆಗುವುದೂ ಇಲ್ಲ. ಡಾಟ್ ಕಾಂ, ಡಾಟ್ ಆರ್ಗ್‌ನಂಥ ಹೆಸರುಗಳನ್ನು ಹೊಸದಾಗಿ ಕೊಂಡರೆ, ಅಥವಾ ಒಮ್ಮೆ ವರ್ಗ ಮಾಡಿದರೆ, ಸಾಮಾನ್ಯವಾಗಿ 60 ದಿನ ಬೀಗ ಬಿದ್ದಿರುತ್ತದೆ. ಮಾಲೀಕರ ಹೆಸರು ತಿದ್ದಿದರೂ ಈ ಬೀಗ ಬೀಳಬಹುದು. ಬಳಗದಲ್ಲಿ ಕಾರ್ಯದರ್ಶಿ ಬದಲಾದರು ಅಂತ ಮೊದಲು ಅದನ್ನು ತಿದ್ದಲು ಹೋಗಬೇಡಿ.

ಈಗ ಪದಕ್ಕೆ ಬರೋಣ. ಬಟನ್ ಒತ್ತಿದ ಮೇಲೆ ಏನಾಗುತ್ತದೋ ಅದನ್ನೇ ಬರೆಯಿರಿ ಅನ್ನುವುದು ನನ್ನ ಸಲಹೆ. ಹಣ ತಾನಾಗಿ ಕಡಿತವಾಗುವುದನ್ನು ತಡೆಯುವುದಕ್ಕೆ ‘ತಾನಾಗಿ ನವೀಕರಣ ನಿಲ್ಲಿಸಿ’. ಹೀಗೆ ಮಾಡಿದರೆ ಕಟ್ಟಿದ ಅವಧಿ ಮುಗಿಯುವವರೆಗೆ ಪ್ಲಾನ್ ನಡೆಯುತ್ತದೆ. ಪ್ಲಾನ್ ಈಗಲೇ ಹೋಗುವುದಾದರೆ ‘ಪ್ಲಾನ್ ತೆಗೆಯಿರಿ’. ಸೈಟಿಗೆ ‘ಅಳಿಸಿ’. ಪೆಟ್ಟಿಗೆಯ `Cancel` ಬಟನ್ನಿಗೆ ‘ಬೇಡ, ಹಿಂದಕ್ಕೆ’. ‘ರದ್ದು’ ಪದವನ್ನು ಪೂರ್ತಿ ಬಿಟ್ಟುಬಿಡಿ. ಬಸ್ಸು ರದ್ದಾಯಿತು ಅಂದರೆ ಹೊರಡಲೇ ಇಲ್ಲ ಅಂತ ಅರ್ಥ. ನಿಮ್ಮ ಪ್ಲಾನ್ ಇಷ್ಟು ದಿನ ಓಡಿದೆ, ಇನ್ನೂ ಸ್ವಲ್ಪ ದಿನ ಓಡಲಿದೆ.

ಉತ್ತರ, ಮೈಸೂರಿನಿಂದ

‘ರದ್ದು’ ಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಟಿಕೆಟ್ಟು, ಆರ್ಡರು, ಪಡಿತರ ಚೀಟಿ, ಎಲ್ಲದಕ್ಕೂ ಜನ ಅದನ್ನೇ ಆಡುತ್ತಾರೆ. ಪರದೆಯ ಮೇಲೆ `Cancel plan` ಎಂದು ಕಾಣುವಾಗ ಕೈಪಿಡಿಯಲ್ಲಿ ‘ತೆಗೆಯಿರಿ’ ಎಂದಿದ್ದರೆ ಖಜಾಂಚಿಯವರು ಆ ಬಟನ್ ಹುಡುಕುತ್ತಾ ಕೂರಬೇಕು. ಪ್ಲಾನಿಗೆ ‘ರದ್ದು’ ಇರಲಿ, ಬಾಕಿಯವಕ್ಕೆ ಬೇರೆ ಪದ ಕೊಡಿ. ಇನ್ನೊಂದು ಮಾತು: ‘ಪ್ಲಾನ್’ ಎಂದು ಬರೆದದ್ದು ಒಳ್ಳೆಯದಾಯಿತು. ‘ಯೋಜನೆ’ ಅಂದರೆ ಸರ್ಕಾರದ್ದು ಅನ್ನಿಸುತ್ತದೆ. ‘ಚಂದಾ’ ಯಾಕೆ ಯಾರೂ ಹೇಳಲಿಲ್ಲ? ಪತ್ರಿಕೆಗೆ ಕಟ್ಟುವುದೂ ಇದೇ ಅಲ್ವಾ.

ಉತ್ತರ, ಕುಂದಾಪುರದಿಂದ

ಹಣ ವಾಪಸ್ ಬರುವುದರ ಬಗ್ಗೆ ಕೇಳಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ವರ್ಡ್‌ಪ್ರೆಸ್.ಕಾಂನ ವರ್ಷದ ಪ್ಲಾನಿಗೆ ಕೊಂಡ 14 ದಿನದೊಳಗಾದರೆ ಹಣ ವಾಪಸ್ ಸಿಗುತ್ತದೆ. ಪ್ಲಾನ್ ಜೊತೆ ಉಚಿತವಾಗಿ ಬಂದ ಡೊಮೇನನ್ನು ಉಳಿಸಿಕೊಂಡರೆ ಅದರ ಬೆಲೆ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಇದಕ್ಕೆ ನಾವು ‘ಮರುಪಾವತಿ’ ಅಂತ ಬಳಸುತ್ತೇವೆ.

ನಮ್ಮ ಅಂಗಡಿಯ ಸೈಟು ಬದಲಿಸಿದಾಗ ಆದದ್ದನ್ನೂ ಹೇಳುತ್ತೇನೆ. ಅದು ಬೇರೆ ಕಂಪನಿಯ ಸೈಟು. ಕೆಲಸ ಮಾಡಿಕೊಟ್ಟ ಹುಡುಗ ನೇಮ್ ಸರ್ವರ್ ಬದಲಿಸಿದ. ಸೈಟು ಚೆನ್ನಾಗಿ ಬಂತು, ಆದರೆ ಆ ಡೊಮೇನಿನ ಇಮೇಲ್ ನಿಂತುಹೋಯಿತು. ಎಲ್ಲಿಂದಲೂ ದೂರು ಬರಲಿಲ್ಲ. ಬರಬೇಕಾದ ದೂರೂ ಇಮೇಲಿನಲ್ಲೇ ಬರಬೇಕಿತ್ತಲ್ಲ. ವ್ಯಾಪಾರಿಯೊಬ್ಬರು ಫೋನ್ ಮಾಡಿದಾಗಲೇ ಗೊತ್ತಾಗಿದ್ದು.

ಉತ್ತರ, ಬೆಂಗಳೂರಿನಿಂದ

ಕುಂದಾಪುರದವರು ಹೇಳಿದ್ದಕ್ಕೂ ಮೊದಲ ಪ್ರಶ್ನೆಗೂ ನೇರ ಸಂಬಂಧ ಇದೆ. ‘ಹೆಸರನ್ನು ತಿರುಗಿಸುವುದು’ ಎಂದು ನೀವು ಬರೆದ ಕೆಲಸವನ್ನು ಎರಡು ರೀತಿ ಮಾಡಬಹುದು. ನೇಮ್ ಸರ್ವರ್ ಬದಲಿಸಿದರೆ ಆ ಹೆಸರಿನ ಇಡೀ ವಿಳಾಸಪಟ್ಟಿ ಹೊಸ ಕಡೆಗೆ ಹೋಗುತ್ತದೆ. ಇಮೇಲಿನ ಎಂಎಕ್ಸ್ ಸಾಲುಗಳನ್ನು ಅಲ್ಲಿ ಮತ್ತೆ ಬರೆಯದಿದ್ದರೆ ಟಪಾಲು ನಿಲ್ಲುತ್ತದೆ. ಅದರ ಬದಲು ಪಟ್ಟಿಯನ್ನು ಇದ್ದಲ್ಲೇ ಬಿಟ್ಟು, ಸೈಟಿನ ಎ ಸಾಲನ್ನು ಮಾತ್ರ ಹೊಸ ಹೋಸ್ಟ್ ಕೊಟ್ಟ ಐಪಿ ವಿಳಾಸದ ಅಂಕಿಗೆ ತಿದ್ದಬಹುದು. ಬಳಗಕ್ಕೆ ಎರಡನೆಯದೇ ಸುಲಭ. `www` ಸಾಲನ್ನೂ ನೋಡಲು ಮರೆಯಬೇಡಿ. ತಿದ್ದುವ ಮೊದಲೊಮ್ಮೆ, ತಿದ್ದಿದ ಮೇಲೊಮ್ಮೆ, `example.org` ಜಾಗದಲ್ಲಿ ನಿಮ್ಮ ಡೊಮೇನ್ ಹಾಕಿ ಟರ್ಮಿನಲ್‌ನಲ್ಲಿ ಇದನ್ನು ಓಡಿಸಿ, ಬಂದ ಉತ್ತರವನ್ನು ಎತ್ತಿಟ್ಟುಕೊಳ್ಳಿ:

```
dig +short example.org A
dig +short example.org MX
```

ಮೊದಲನೆಯದರ ಉತ್ತರ ಬದಲಾಗಬೇಕು, ಎರಡನೆಯದರದ್ದು ಹಾಗೆಯೇ ಇರಬೇಕು. ಎರಡನೆಯದು ಖಾಲಿ ಬಂದರೆ ಇಮೇಲ್ ಕೆಟ್ಟಿದೆ ಎಂದೇ ಅರ್ಥ. ಮೊದಲಿನಿಂದಲೂ ಆ ಹೆಸರಿನಲ್ಲಿ ಇಮೇಲ್ ಇರದಿದ್ದರೆ ಮಾತ್ರ ಚಿಂತೆ ಇಲ್ಲ.

ಹಾಗಾಗಿ ನನ್ನ ಪದಗಳು ಹೀಗೆ: ಬರಹಕ್ಕೆ ‘ಸಾಗಿಸು’, ಹೆಸರಿಗೆ ‘ಹೊಸ ಜಾಗಕ್ಕೆ ತೋರಿಸು’, ರಿಜಿಸ್ಟ್ರಾರ್ ಬದಲಾಗುವುದಕ್ಕೆ ಮಾತ್ರ ‘ವರ್ಗಾವಣೆ’.

ಪ್ರಶ್ನೆ ಕೇಳಿದವರು, ಶಿವಮೊಗ್ಗದಿಂದ

‘ತೋರಿಸು’ ಚೆನ್ನಾಗಿದೆ, ತೆಗೆದುಕೊಳ್ಳುತ್ತೇನೆ. ‘ಸಾಗಿಸು’ ಬಗ್ಗೆ ಒಂದು ಅನುಮಾನ. ಅಲ್ಲಿ ಎಕ್ಸ್‌ಪೋರ್ಟ್ ಮಾಡಿದಾಗ ಬಂದದ್ದು ಒಂದು ಸಣ್ಣ ಎಕ್ಸ್‌ಎಂಎಲ್ ಕಡತ. ನೂರಾರು ಫೋಟೋ ಇರುವ ಸೈಟು ಅಷ್ಟು ಚಿಕ್ಕದಾಗಿ ಹೇಗೆ ಬಂತು? ಸಾಗಿಸಿದ್ದು ಪೂರ್ತಿಯೋ ಅಲ್ಲವೋ?

ಉತ್ತರ, ಬೆಂಗಳೂರಿನಿಂದ

ಒಳ್ಳೆಯ ಪ್ರಶ್ನೆ. ಕೈಪಿಡಿಯಲ್ಲಿ ಜಾಸ್ತಿ ಜಾಗ ಕೊಡಬೇಕಾದದ್ದು ಇದಕ್ಕೇ. ಆ ಕಡತದಲ್ಲಿ ಬರಹ ಪೂರ್ತಿ ಇರುತ್ತದೆ, ಫೋಟೋಗಳ ವಿಳಾಸ ಮಾತ್ರ ಇರುತ್ತದೆ. ಹೊಸ ವರ್ಡ್‌ಪ್ರೆಸ್‌ನಲ್ಲಿ ಇಂಪೋರ್ಟ್ ಮಾಡುವಾಗ `Download and import file attachments` ಎಂಬಲ್ಲಿ ಗುರುತು ಹಾಕಿದರೆ, ಹೊಸ ಸೈಟು ಆಗ ಹಳೆಯ ಸೈಟಿಗೆ ಹೋಗಿ ಒಂದೊಂದೇ ಫೋಟೋ ಎತ್ತಿಕೊಂಡು ಬರುತ್ತದೆ. ಅಷ್ಟು ಹೊತ್ತು ಹಳೆಯ ಸೈಟು ಎಲ್ಲರಿಗೂ ಕಾಣುವಂತೆ ತೆರೆದಿರಬೇಕು. ಅದನ್ನು ಖಾಸಗಿ ಮಾಡಿದ್ದರೆ ಅಥವಾ ಅಳಿಸಿದ್ದರೆ `Failed to import Media` ಎಂಬ ಸಾಲುಗಳು ಬರುತ್ತವೆ. ಹೆಸರನ್ನು ಹೊಸ ಕಡೆಗೆ ಮೊದಲೇ ತೋರಿಸಿಬಿಟ್ಟರೂ ತೊಂದರೆಯೇ. ಕೆಲವು ಫೋಟೋಗಳ ವಿಳಾಸ ನಿಮ್ಮದೇ ಡೊಮೇನಿನಲ್ಲಿರುತ್ತದೆ. ಆಗ ಹೊಸ ಸೈಟು ಆ ಫೋಟೋಗಳನ್ನು ತನ್ನಲ್ಲೇ ಹುಡುಕುತ್ತದೆ, ಅಲ್ಲಿ ಇನ್ನೂ ಏನೂ ಇರುವುದಿಲ್ಲ. ಅದಕ್ಕೇ ಸಾಗಿಸುವುದು ಮೊದಲು, ತೋರಿಸುವುದು ನಂತರ, ಪ್ಲಾನಿನ ನವೀಕರಣ ನಿಲ್ಲಿಸುವುದು ಕೊನೆಗೆ.

ಮೋಸ ಹೋಗುವ ಜಾಗ ಒಂದಿದೆ. ಫೋಟೋ ಬರದಿದ್ದರೂ ಹೊಸ ಸೈಟಿನಲ್ಲಿ ಕಾಣುತ್ತಲೇ ಇರಬಹುದು. ಅದನ್ನು ಹಳೆಯ ಜಾಗವೇ ಕಳುಹಿಸುತ್ತಿರುತ್ತದೆ. ಒಂದು ಹಳೆಯ ಲೇಖನ ತೆರೆದು, ಫೋಟೋವನ್ನು ಬೇರೆ ಟ್ಯಾಬಿನಲ್ಲಿ ತೆರೆಯಿರಿ. ವಿಳಾಸದಲ್ಲಿ ಇನ್ನೂ `files.wordpress.com` ಇದ್ದರೆ ಅದು ಸಾಗಿಲ್ಲ. ಎರಡೂ ಕಡೆಯ ಮೀಡಿಯಾ ಲೈಬ್ರರಿಯ ಎಣಿಕೆಯನ್ನೂ ಹೋಲಿಸಿ ನೋಡಿ.

ಕನ್ನಡ ತಲೆಬರಹಗಳಿಗೆ ಇನ್ನೊಂದು ಸೂಕ್ಷ್ಮ ಇದೆ. ಲೇಖನದ ವಿಳಾಸಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಚಿಹ್ನೆ ಅಲ್ಲಿ `%E0%B2%95` ಎಂಬ ಹಾಗೆ ಒಂಬತ್ತು ಜಾಗ ತಿನ್ನುತ್ತದೆ. ಗುಣಿತದ ಗುರುತು, ಒತ್ತಕ್ಷರ ಮೂಡಿಸುವ ವಿರಾಮ, ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಸುಮಾರು 22 ಚಿಹ್ನೆಗೆ ವಿಳಾಸ ತುಂಡಾಗುತ್ತದೆ. ಹೊಸ ಜಾಗದಲ್ಲಿ ಅದು ಅರ್ಧಂಬರ್ಧ ಕಾಣುತ್ತದೆ ಅಂತ ಯಾರೂ ತಿದ್ದಬಾರದು, ತಿದ್ದಿದರೆ ಹಳೆಯ ಕೊಂಡಿಗಳು ತಪ್ಪುತ್ತವೆ. ವಿಳಾಸದಲ್ಲಿ ವರ್ಷ, ತಿಂಗಳು, ದಿನ ಇದ್ದರೆ ಹೊಸ ಸೈಟಿನ `Settings → Permalinks` ಪುಟದಲ್ಲಿ `Day and name` ಆರಿಸಿ.

ಉತ್ತರ, ಮೈಸೂರಿನಿಂದ

ಇಷ್ಟು ಓದಿದ ಮೇಲೆ ಬಟನ್ನಿನ ‘ಬೇಡ, ಹಿಂದಕ್ಕೆ’ಯನ್ನು ಒಪ್ಪುತ್ತೇನೆ. ಪ್ಲಾನಿನ ‘ರದ್ದು’ ಬಗ್ಗೆ ನನ್ನ ಮಾತು ಹಾಗೇ ಇದೆ.

ಕೈಪಿಡಿಗೆ ಇನ್ನೊಂದು ಪದ ಬೇಕಾಗುತ್ತದೆ. ಡೊಮೇನಿನ ನವೀಕರಣವನ್ನೂ ತಪ್ಪಿ ನಿಲ್ಲಿಸಿದರೆ ಏನು? ಡಾಟ್ ಕಾಂ, ಡಾಟ್ ಆರ್ಗ್ ಹೆಸರು ಅವಧಿ ಮುಗಿದು ಅಳಿಸಿಹೋದ ಮೇಲೂ 30 ದಿನ ಹಳೆಯ ಮಾಲೀಕರು ಹೆಚ್ಚು ದುಡ್ಡು ಕಟ್ಟಿ ಪಡೆಯಬಹುದು. ಆಮೇಲೆ 5 ದಿನ ಯಾರಿಗೂ ಸಿಗದೆ ಇದ್ದು, ನಂತರ ಯಾರು ಬೇಕಾದರೂ ಕೊಳ್ಳಬಹುದು. ಆ 30 ದಿನಕ್ಕೆ ‘ವಿಮೋಚನಾ ಅವಧಿ’ ಎಂದು ಒಂದು ಕಡೆ ಓದಿದೆ, ಭಾರವಾಯಿತು. ಅಡವಿಟ್ಟ ಒಡವೆ ಬಿಡಿಸಿಕೊಂಡ ಹಾಗೆ ‘ಬಿಡಿಸಿಕೊಳ್ಳುವ ಅವಧಿ’ ಎಂದರೆ ಹೇಗೆ?

ಪ್ರಶ್ನೆ ಕೇಳಿದವರು, ಶಿವಮೊಗ್ಗದಿಂದ

‘ಬಿಡಿಸಿಕೊಳ್ಳುವ ಅವಧಿ’ ಖಜಾಂಚಿಯವರಿಗೆ ಹೇಳಿದ ಕೂಡಲೇ ಅರ್ಥವಾಯಿತು. ಪ್ಲಾನಿನ ಬಟನ್ನಿಗೆ ಸದ್ಯಕ್ಕೆ `Cancel plan` ಎಂದು ಪರದೆಯಲ್ಲಿದ್ದ ಹಾಗೇ ಬರೆದು, ಪಕ್ಕದಲ್ಲಿ ‘ಇದನ್ನು ಒತ್ತಿದರೆ ಪ್ಲಾನ್ ಹೋಗುತ್ತದೆ, ಡೊಮೇನ್ ಉಳಿಸುವ ಆಯ್ಕೆಯನ್ನೇ ಆರಿಸಿ’ ಎಂದು ಹಾಕಿದ್ದೇನೆ. ‘ಚಂದಾ’ ಬಗ್ಗೆ ಇನ್ನೂ ಯಾರೂ ಏನೂ ಹೇಳಿಲ್ಲ. ಡೊಮೇನಿನ ವರ್ಷದ ಶುಲ್ಕಕ್ಕೂ ಅದು ಹೊಂದುತ್ತದೆಯೇ, ಪ್ಲಾನಿಗೆ ಮಾತ್ರವೇ?