ಮಲಗಿದರೆ ಮೂಗು ಕಟ್ಟುತ್ತೆ, ನಡುರಾತ್ರಿ ಕೆಮ್ಮು

ಪ್ರಶ್ನೆ (ಹಾಸನದ ಸದಸ್ಯೆ): ನೆಗಡಿಯಾಗಿ ಆರು ದಿನ ಆಯ್ತು. ಹಗಲು ಪರವಾಗಿಲ್ಲ. ಮಲಗಿದ ಹತ್ತು ನಿಮಿಷಕ್ಕೆ ಮೂಗು ಕಟ್ಟುತ್ತದೆ. ರಾತ್ರಿ ಎರಡಕ್ಕೆ ಕೆಮ್ಮು ಶುರುವಾದರೆ ಬೆಳಗಿನವರೆಗೂ ನಿದ್ದೆಯಿಲ್ಲ. ಮೂರು ದಿಂಬು ಇಟ್ಟುಕೊಂಡೆ, ಕತ್ತು ನೋವು ಬಂತು. ಏನು ಮಾಡಲಿ ಡಾಕ್ಟ್ರೇ?

ಇಎನ್‌ಟಿ ಡಾಕ್ಟರ್: ಮೂರು ದಿಂಬು ತಲೆಯನ್ನಷ್ಟೇ ಎತ್ತುತ್ತವೆ, ಎದೆ ಕೆಳಗೇ ಇರುತ್ತದೆ. ಸೊಂಟದಿಂದ ಮೇಲೆ ಇಳಿಜಾರು ಬೇಕು. ಮಂಚವಾದರೆ ತಲೆ ಕಡೆಯ ಎರಡೂ ಕಾಲಿನ ಕೆಳಗೆ ಆರು ಇಂಚು ಎತ್ತರಕ್ಕೆ ಮರದ ತುಂಡು ಕೊಡಿ, ಅಲುಗಾಡಬಾರದು. ನೆಲದ ಹಾಸಿಗೆಯಾದರೆ ಅದರ ಅಡಿಗೆ ಕಂಬಳಿಗಳನ್ನು ಮಡಚಿಡಿ, ತಲೆ ಕಡೆ ದಪ್ಪ, ಸೊಂಟದ ಕಡೆ ತೆಳ್ಳಗೆ.

ಮಲಗಿದಾಗ ಮೂಗಿನ ಒಳಪದರಕ್ಕೆ ರಕ್ತ ಜಾಸ್ತಿ ಸೇರಿ ಅದು ಊದಿಕೊಳ್ಳುತ್ತದೆ. ಸಿಂಬಳ ಹಿಂದಿನಿಂದ ಗಂಟಲಿಗೆ ಇಳಿಯುತ್ತದೆ. ಆ ತುರಿಕೆಯೇ ನಿಮ್ಮ ಕೆಮ್ಮಾಗಿರಬಹುದು. ಮಗ್ಗುಲಾಗಿ ಮಲಗಿ. ಬಲಕ್ಕೆ ಮಲಗಿದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಎಡ ಹೊಳ್ಳೆ ಬಿಡುತ್ತದೆ. ಮಲಗುವ ಅರ್ಧ ಗಂಟೆ ಮೊದಲು ಮೆಡಿಕಲ್ ಶಾಪಿನ ಸಲೈನ್ ಹನಿ ಎರಡೆರಡು ಬಿಟ್ಟು, ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸಿಂಬಳ ತೆಗೆಯಿರಿ. ಆಮೇಲೆ ಒಂದು ಚಮಚ ಜೇನುತುಪ್ಪ.

ಒಬ್ಬರು ಸದಸ್ಯರು: ಮೂಗು ಬಿಡಿಸುವ ಡ್ರಾಪ್ಸ್ ಹಾಕಿ ಅಕ್ಕಾ, ಐದೇ ನಿಮಿಷ. ನಾನು ಎರಡು ವಾರದಿಂದ ಹಾಕ್ತಿದ್ದೀನಿ.

ಡಾಕ್ಟರ್: ಬೇಗ ಬಿಡಿಸುತ್ತದೆ, ನಿಜ. ಆದರೆ ಝೈಲೋಮೆಟಜೋಲಿನ್ ಥರದ್ದನ್ನು ಐದು ದಿನ ದಾಟಿಸಬೇಡಿ. ಅದರ ಪ್ರಭಾವ ಇಳಿದಾಗ ಮೂಗು ಮೊದಲಿಗಿಂತ ಜಾಸ್ತಿ ಊದುತ್ತದೆ, ನೀವು ಮತ್ತೆ ಹಾಕುತ್ತೀರಿ. ನಿಮಗೆ ಈಗ ಹಾಕದಿದ್ದರೆ ಮಲಗಲಿಕ್ಕೇ ಆಗುವುದಿಲ್ಲ, ಅಲ್ವಾ? ಇಎನ್‌ಟಿ ಡಾಕ್ಟರಿಗೆ ತೋರಿಸಿ ಈ ಅಭ್ಯಾಸ ಬಿಡಿಸಿಕೊಳ್ಳಿ.

ಒಬ್ಬ ತಾಯಿ: ನನ್ನ ಮಗುವಿಗೆ ಎಂಟು ತಿಂಗಳು. ಜೇನು ನೆಕ್ಕಿಸಲಾ? ತಲೆಗೆ ದಿಂಬು?

ಡಾಕ್ಟರ್: ಎರಡೂ ಬೇಡಮ್ಮ. ವರ್ಷ ತುಂಬುವ ಮೊದಲು ಜೇನು ಕೊಡಲೇಬಾರದು. ಮಗುವನ್ನು ಸಮತಟ್ಟಾಗಿ, ಅಂಗಾತ, ದಿಂಬಿಲ್ಲದೆ ಮಲಗಿಸಿ. ಹಾಲು ಕುಡಿಯುವ ಮೊದಲು ಮಕ್ಕಳ ಸಲೈನ್ ಹನಿ ಬಿಡಿ. ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ ಅಥವಾ ಹಾಲು ಕುಡಿಯುವುದನ್ನು ಬಿಟ್ಟರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಹಾಸನದ ಸದಸ್ಯೆ (ಎರಡು ದಿನದ ನಂತರ): ಇಳಿಜಾರು ಮಾಡಿದೆ. ಎರಡರ ಕೆಮ್ಮು ನಿಂತಿದೆ. ಆದರೆ ನಾಲ್ಕಕ್ಕೆ ಎದೆ ಬಿಗಿದು ಎಚ್ಚರವಾಗುತ್ತದೆ, ಸುಂಯ್ ಅಂತ ಸದ್ದು. ರಾತ್ರಿ ಸೊಳ್ಳೆ ಬತ್ತಿ ಹಚ್ಚುತ್ತೇವೆ.

ಡಾಕ್ಟರ್: ಬತ್ತಿ ಇವತ್ತೇ ನಿಲ್ಲಿಸಿ, ಸೊಳ್ಳೆ ಪರದೆ ಕಟ್ಟಿ. ಆದರೆ ಈ ಸದ್ದು ಮೂಗಿನದಲ್ಲ ಅನಿಸುತ್ತದೆ. ಆಸ್ತಮಾ ಇರಬಹುದು, ಇಲ್ಲದೆಯೂ ಇರಬಹುದು. ನಾಳೆಯೇ ಎದೆ ತೋರಿಸಿ. ಮಾತಾಡಲಿಕ್ಕೂ ಉಸಿರು ಸಾಲದಿದ್ದರೆ ನಾಳೆವರೆಗೆ ಕಾಯಬೇಡಿ. ಡಾಕ್ಟರ್ ಏನೆಂದರು ಅಂತ ಇಲ್ಲಿ ಬರೆಯಿರಿ.