ಸಿಕ್ಕಿದ ಮಗುವಿನ ಬಗ್ಗೆ ಮೈಕಿನಲ್ಲಿ ಹೇಗೆ ಹೇಳೋದು?

ಮದ್ದೂರಿನಿಂದ:
ನಮ್ಮೂರ ಹಬ್ಬಕ್ಕೆ ಮೈಕಿನಲ್ಲಿ ಓದೋ ಹಾಳೆ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಹಳೇ ಹಾಳೆಯಲ್ಲಿ ಹೀಗಿದೆ: ‘ಕೆಂಪು ಅಂಗಿ ತೊಟ್ಟ ನಾಲ್ಕು ವರ್ಷದ ಬಾಲಕ ದೊರೆತಿದ್ದು, ಪೋಷಕರು ಕೂಡಲೇ ಬಂದು ಕರೆದೊಯ್ಯತಕ್ಕದ್ದು.’ ‘ತಕ್ಕದ್ದು’ ಅಂದರೆ ನೋಟಿಸ್ ಕೊಟ್ಟ ಹಾಗಿದೆ. ‘ಬಂದು ಕರ್ಕೊಂಡೋಗಿ’ ಅಂದರೆ ತೀರಾ ಸಲುಗೆ. ಮರ್ಯಾದೆಯೂ ಇರಬೇಕು, ಅರ್ಥವೂ ಆಗಬೇಕು. ಪರ್ಸು ಸಿಕ್ಕಾಗ, ಸಾಲು ಬದಲಾದಾಗಲೂ ಇದೇ ಪಾಡು.

ಮೈಸೂರಿನಿಂದ:
‘ಕರೆದೊಯ್ಯಬೇಕಾಗಿ ವಿನಂತಿ’ ಅನ್ನಿ, ಮುಗೀತು. ಹೆಸರು, ಅಂಗಿ ಬಣ್ಣ, ಕಾಲುಗೆಜ್ಜೆ ಎಲ್ಲಾ ಹೇಳಿ. ಹೇಳಿದಷ್ಟೂ ಅಪ್ಪ ಅಮ್ಮನಿಗೆ ಬೇಗ ಗೊತ್ತಾಗುತ್ತೆ.

ಪಾಂಡವಪುರದಿಂದ:
ಬೇಗ ಗೊತ್ತಾಗೋದು ನಿಜ, ಆದರೆ ಅಪ್ಪ ಅಮ್ಮನಿಗೆ ಮಾತ್ರ ಅಲ್ಲ, ಕೇಳಿಸಿಕೊಂಡ ಯಾರಿಗಾದರೂ ಗೊತ್ತಾಗುತ್ತೆ. ಅಂಗಿ ಬಣ್ಣ, ಹೆಸರು ನೀವೇ ಕೂಗಿಬಿಟ್ಟರೆ, ಬಂದವರನ್ನು ಏನು ಕೇಳಿ ಪರೀಕ್ಷೆ ಮಾಡ್ತೀರಿ? ನಾನು ಮೈಕ್ ಹಿಡಿಯುವಾಗ ಇಷ್ಟೇ ಹೇಳೋದು:

‘ದಯವಿಟ್ಟು ಗಮನಿಸಿ. ಒಬ್ಬ ಚಿಕ್ಕ ಹುಡುಗ ನಮ್ಮ ಹತ್ತಿರ ಕ್ಷೇಮವಾಗಿದ್ದಾನೆ. ಮನೆಯವರು ತೇರಿನ ಹಿಂದಿರುವ ಪೊಲೀಸ್ ಚೌಕಿಗೆ ಬನ್ನಿ.’

ಬಂದವರ ಹತ್ತಿರ ಹೆಸರು, ಬಟ್ಟೆ ಕೇಳಿ, ಫೋನಿನಲ್ಲಿ ಫೋಟೋ ನೋಡಿ. ಮಗು ಅವರ ಹತ್ತಿರ ಹೋಗುತ್ತಾ ಇಲ್ವಾ, ಅದನ್ನೂ ನೋಡಿ. ಅನುಮಾನ ಬಂದರೆ ಅಥವಾ ಯಾರೂ ಬರದಿದ್ದರೆ ಪೊಲೀಸರಿಗೆ ಒಪ್ಪಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವನ್ನೇ ಹುಡುಕುವಾಗ ಮಾತ್ರ ಬಟ್ಟೆ ಬಣ್ಣ ಹೇಳಲೇಬೇಕು, ಜನ ನೋಡಬೇಕಲ್ಲ.

ಪರ್ಸಿಗೂ ಹಾಗೇ. ‘ಒಂದು ಪರ್ಸು ಸಿಕ್ಕಿದೆ, ಗುರುತು ಹೇಳಿ ಪಡೆದುಕೊಳ್ಳಿ’ ಸಾಕು, ಒಳಗೆ ಏನಿದೆ ಅಂತ ಬಾಯಿಬಿಡಬೇಡಿ.

‘ತಕ್ಕದ್ದು’ ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ. ಬೀದಿಯುದ್ದ ಹಾರ್ನ್ ಕಟ್ಟಿರುತ್ತೇವೆ. ನಿಮ್ಮಿಂದ ನೂರು ಮೀಟರ್ ಆಚೆಯ ಹಾರ್ನಿನ ಸದ್ದು ಹತ್ತಿರದ್ದಕ್ಕಿಂತ ಸುಮಾರು 0.3 ಸೆಕೆಂಡ್ ತಡವಾಗಿ ಬರುತ್ತೆ, ಹಾಗಾಗಿ ‘ಕರೆದೊಯ್ಯತಕ್ಕದ್ದು’ ಅನ್ನೋ ಉದ್ದ ಪದ ಒಂದರ ಮೇಲೊಂದು ಬಿದ್ದು ಬರೀ ಗದ್ದಲ ಆಗುತ್ತೆ. ‘ಬನ್ನಿ’ ಅನ್ನೋದರಲ್ಲೇ ಮರ್ಯಾದೆ ಇದೆ. ಒಂದು ವಾಕ್ಯ, ಸ್ವಲ್ಪ ನಿಲ್ಲಿಸಿ, ಮತ್ತೆ ಅದೇ ವಾಕ್ಯ.

ಶ್ರೀರಂಗಪಟ್ಟಣದಿಂದ:
ಪರ್ಸಿನ ವಿಷಯಕ್ಕೆ ‘ವಾರಸುದಾರರು’ ಮಾತ್ರ ಬೇಡ. ಅಮ್ಮನ ಪೌತಿ ಖಾತೆಗೆ ಅಲೀತಾ ಇದ್ದೀನಿ, ಆ ಪದ ಕೇಳಿದರೆ ವಂಶವೃಕ್ಷ ತಗೊಂಡು ಓಡಬೇಕು ಅನ್ಸುತ್ತೆ. ಅಂದ ಹಾಗೆ, ಖಾತೆಗೆ ಅಕ್ಕನ ಸಹಿಯೂ ಬೇಕಾ?

ಮದ್ದೂರಿನಿಂದ:
ಖಾತೆ ವಿಷಯ ನನಗೆ ಗೊತ್ತಿಲ್ಲ ಸಾರ್. ಹಾಗಾದರೆ ಸಾಲಿಗೆ? ‘ಎಡಗಡೆ ಸಾಲು ಮುಚ್ಚಲಾಗಿದೆ’ ಅಂತ ಬರೆದಿದ್ದೆ.

ಪಾಂಡವಪುರದಿಂದ:
ಎಡ ಬಲ ಬೇಡ, ಒಬ್ಬೊಬ್ಬರು ಒಂದೊಂದು ಕಡೆ ಮುಖ ಮಾಡಿರ್ತಾರೆ. ಮುಚ್ಚಿದೆ ಅಂತ ಮೊದಲೇ ಹೇಳಿದರೆ ಹಿಂದಿನವರು ನುಗ್ಗುತ್ತಾರೆ. ‘ಅರಳಿಕಟ್ಟೆ ದಾಟಿದವರು ಹಾಗೇ ಮುಂದುವರಿಯಿರಿ. ಕಟ್ಟೆಗಿಂತ ಹಿಂದೆ ಇರುವವರು ನಿಂತಲ್ಲೇ ನಿಲ್ಲಿ, ನಮ್ಮ ಹುಡುಗರು ಬಂದು ಕರೆದುಕೊಂಡು ಹೋಗ್ತಾರೆ.’ ಹುಡುಗರು ಅಲ್ಲಿಗೆ ತಲುಪಿದ ಮೇಲೇ ಇದನ್ನು ಓದಿ.

ಮೈಸೂರಿನಿಂದ:
ಅಂಗಿ ಬಣ್ಣ ಬಿಡೋಣ, ಒಪ್ಪಿದೆ. ಆದರೆ ಹುಡುಕೋ ಮಗುವಿನ ಹೆಸರು ಕೂಗಲೇಬೇಕು. ತನ್ನ ಹೆಸರು ಕೇಳಿದರೆ ಮಗು ತಿರುಗಿ ನೋಡುತ್ತೆ ಅಲ್ವಾ?

ಪಾಂಡವಪುರದಿಂದ:
ನೋಡುತ್ತೆ. ಆ ಹೆಸರು ಹಿಡಿದು ಬೇರೆಯವರು ಕರೆದರೂ ಹೋಗುತ್ತೆ. ನಾನು ಹೆಸರನ್ನು ಪೊಲೀಸರಿಗೆ, ನಮ್ಮ ಹುಡುಗರಿಗೆ ಮಾತ್ರ ಕೊಡ್ತೀನಿ. ಇದಕ್ಕೆ ನಮ್ಮ ಸಮಿತಿಯಲ್ಲೇ ಅರ್ಧ ಜನ ಒಪ್ಪಲ್ಲ.