ಪದಚರ್ಚೆ: ‘ತುಟ್ಟಿಭತ್ಯೆ ಶೇ 2ರಷ್ಟು ಹೆಚ್ಚಳ’ – ಯಾವುದರ ಎರಡು?

ಕರಡು ತಿದ್ದುವವಳು:

ಎಲ್ಲರಿಗೂ ನಮಸ್ಕಾರ. ನೌಕರರ ಒಂದು ಮಾಸಪತ್ರಿಕೆಗೆ ನಾನು ಕರಡು ತಿದ್ದಿಕೊಡುತ್ತೇನೆ. ‘ರಾಜ್ಯ ಸರ್ಕಾರಿ ನೌಕರರ ತುಟ್ಟಿಭತ್ಯೆ ಶೇ 2ರಷ್ಟು ಹೆಚ್ಚಳ’ ಎಂಬ ಸುದ್ದಿಯ ಜೊತೆಗೆ ಒಂದು ಲೆಕ್ಕ ಹಾಕಿಕೊಡಿ ಅಂದರು. ಭಾವನ ಪೇ ಸ್ಲಿಪ್ ಎದುರಿಗಿಟ್ಟುಕೊಂಡು ಕೂತೆ. ಮೂಲ ವೇತನ 52,800 ರೂಪಾಯಿ. ತುಟ್ಟಿಭತ್ಯೆ 6,468. ತುಟ್ಟಿಭತ್ಯೆ ನೂರಕ್ಕೆ ಎರಡು ಹೆಚ್ಚಿತು ಅಂದರೆ 129 ರೂಪಾಯಿ ಚಿಲ್ಲರೆ ಅಲ್ವಾ? ಹಾಗೇ ಬರೆದೆ. ಅಚ್ಚೂ ಆಗಿಹೋಯಿತು.

ಭಾವ ಓದಿ, ‘ಸಾವಿರದ ಮೇಲೆ ಬರಬೇಕಿತ್ತಲ್ಲ, ಉಳಿದದ್ದನ್ನು ನೀನೇ ಇಟ್ಕೊಂಡ್ಯಾ?’ ಅಂದರು.

ನಗು ಬಂದರೂ ಸಂಶಯ ಉಳಿದಿದೆ. ‘ಬಾಡಿಗೆ ಶೇ 10ರಷ್ಟು ಹೆಚ್ಚಿತು’ ಅಂದರೆ ಬಾಡಿಗೆಯ ನೂರಕ್ಕೆ ಹತ್ತು. ‘ತುಟ್ಟಿಭತ್ಯೆ ಶೇ 2ರಷ್ಟು ಹೆಚ್ಚಿತು’ ಅಂದರೆ ಮಾತ್ರ ಬೇರೆ ಏನೋ. ತಪ್ಪು ನನ್ನ ಲೆಕ್ಕದ್ದೋ, ಆ ಸಾಲಿನದ್ದೋ?

ಸಂಬಳದ ಬಿಲ್ಲು ಮಾಡುತ್ತಿದ್ದ ನಿವೃತ್ತರು:

ಮೇಡಂ, ಲೆಕ್ಕ ಸರಿಯಾಗಿದೆ. ಸಾಲನ್ನು ಸರ್ಕಾರಿ ಕಚೇರಿಯ ಕಿವಿಯಿಂದ ಕೇಳಬೇಕು, ಅಷ್ಟೇ.

ಕಚೇರಿಯಲ್ಲಿ ತುಟ್ಟಿಭತ್ಯೆ ಅಂದರೆ ನಮಗೆ ಮೊದಲು ನೆನಪಾಗುವುದು ರೂಪಾಯಿಯಲ್ಲ, ದರ. ‘ಈಗ ಡಿಎ ಎಷ್ಟು?’ ಎಂದು ಕೇಳಿದರೆ ಯಾರೂ 6,468 ಅನ್ನುತ್ತಿರಲಿಲ್ಲ, ‘ಹನ್ನೆರಡೂ ಕಾಲು’ ಅನ್ನುತ್ತಿದ್ದರು. 2025ರ ಜನವರಿಯಿಂದ ರಾಜ್ಯದಲ್ಲಿ ಆ ದರ ಮೂಲ ವೇತನದ ಶೇ 12.25 ಇತ್ತು. ಜುಲೈಯಿಂದ ಶೇ 14.25 ಆಯಿತು. ಏರಿದ್ದು ದರ. ಹನ್ನೆರಡೂ ಕಾಲಿಗೆ ಎರಡು ಕೂಡಿತು. ಆ ಎರಡು ಹಳೆಯ ತುಟ್ಟಿಭತ್ಯೆಯ ಎರಡಲ್ಲ, ಮೂಲ ವೇತನದ ಎರಡು.

ನಿಮ್ಮ ಭಾವನವರದ್ದನ್ನೇ ನೋಡೋಣ. 52,800ಕ್ಕೆ ಶೇ 12.25 ಅಂದರೆ 6,468. ಶೇ 14.25 ಅಂದರೆ 7,524. ವ್ಯತ್ಯಾಸ 1,056. ಅವರು ಹುಬ್ಬಳ್ಳಿ, ಮೈಸೂರಿನಂಥ ಊರಿನಲ್ಲಿದ್ದರೆ ಮನೆಬಾಡಿಗೆ ಭತ್ಯೆ ಶೇ 15, ಅಂದರೆ 7,920. ಅದು ಮೊದಲೂ ಅಷ್ಟೇ, ಈಗಲೂ ಅಷ್ಟೇ. ಈ ಮೂರನ್ನು ಕೂಡಿದರೆ ಹಿಂದೆ 67,188 ಇದ್ದದ್ದು ಈಗ 68,244. ಬೇರೆ ಸಣ್ಣಪುಟ್ಟ ಭತ್ಯೆಗಳನ್ನು ಬಿಟ್ಟಿದ್ದೇನೆ.

ಈ ಒಂದೇ ಏರಿಕೆಗೆ ಮೂರು ಶೇಕಡಾ ಹೇಳಬಹುದು. ಮೂಲ ವೇತನದ ಮೇಲೆ ನೋಡಿದರೆ ಶೇ 2. ಹಳೆಯ ತುಟ್ಟಿಭತ್ಯೆಯ ಮೇಲೆ ನೋಡಿದರೆ ಶೇ 16ಕ್ಕಿಂತ ಸ್ವಲ್ಪ ಜಾಸ್ತಿ. ಒಟ್ಟು ಸಂಬಳದ ಮೇಲೆ ನೋಡಿದರೆ ಶೇ 1.57. ಮೂರೂ ನಿಜ. ಆದೇಶದಲ್ಲಿ ಗೊಂದಲವೇ ಇರುವುದಿಲ್ಲ. ಅಲ್ಲಿ ‘ಮೂಲ ವೇತನದ ಶೇಕಡ 12.25 ರಿಂದ ಶೇಕಡ 14.25ಕ್ಕೆ’ ಎಂದು ಎರಡೂ ತುದಿ ಹೇಳುತ್ತಾರೆ. ಪತ್ರಿಕೆಯವರು ಒಂದು ಸಾಲಿಗೆ ಇಳಿಸುವಾಗ ‘ಮೂಲ ವೇತನದ’ ಎಂಬ ಮಾತು ಉದುರಿಹೋಗುತ್ತದೆ.

ಭಾಷಾಂತರ ಮಾಡುವವರು:

ಇದು ತೀರ ಹಳೆಯ ತೊಂದರೆ. ದರದ ಏರಿಕೆಗೂ ಮೊತ್ತದ ಏರಿಕೆಗೂ ಬೇರೆ ಬೇರೆ ಹೆಸರಿದ್ದರೆ ಈ ಗೋಜಲೇ ಇರುತ್ತಿರಲಿಲ್ಲ. ‘ಪರ್ಸೆಂಟೇಜ್ ಪಾಯಿಂಟ್’ ಎಂಬುದಕ್ಕೆ ನಾನು ‘ಶೇಕಡಾ ಅಂಶ’ ಎಂದು ಬರೆಯುತ್ತೇನೆ. ‘ತುಟ್ಟಿಭತ್ಯೆ 2 ಶೇಕಡಾ ಅಂಶ ಹೆಚ್ಚಳ’ ಎಂದು ಬರೆದರೆ ಮುಗಿಯಿತು.

ಧಾರವಾಡದ ಮೇಷ್ಟ್ರು:

ಮುಗಿಯೂದಿಲ್ಲ ಸರ್, ಶುರು ಆಗ್ತದ. ‘ಅಂಶ’ ಅಂದರೆ ಓದುವವರು ಪಾಲು, ಭಾಗ ಎಂದು ತಿಳಿಯುತ್ತಾರೆ. ನೂರರಲ್ಲಿ ಎರಡು ಭಾಗ ಎಂದರೆ ಮತ್ತೆ ಯಾವುದರ ಭಾಗ ಎಂಬ ಪ್ರಶ್ನೆಗೇ ಬಂದಿರಿ.

ನನಗೆ ಕಾಣುವಂತೆ ಎಡವಟ್ಟು ಇರುವುದು ‘-ರಷ್ಟು’ ಎಂಬ ಬಾಲದಲ್ಲಿ. ‘ಅಷ್ಟು’ ಎಂಬುದು ಅಳತೆ ಹೇಳುವ ಮಾತು. ಯಾವುದನ್ನು ಹಿಡಿದು ಅಳೆದೆವು ಎಂದು ಅದು ಹೇಳುವುದಿಲ್ಲ, ಕೇಳುವವನೇ ಊಹಿಸಿಕೊಳ್ಳಬೇಕು. ‘ಎರಡರಷ್ಟಾಯಿತು’ ಅಂದರೆ ದುಪ್ಪಟ್ಟು. ‘ಶೇ ಎರಡರಷ್ಟು’ ಅಂದರೆ ಚೂರು. ನಡುವೆ ಇರುವುದು ‘ಶೇ’ ಎಂಬ ಒಂದೇ ಅಕ್ಷರ! ಇನ್ನೂ ಕೆಟ್ಟದ್ದನ್ನು ನೋಡಿದ್ದೇನೆ. ‘ತುಟ್ಟಿಭತ್ಯೆ ಶೇ 14.25ರಷ್ಟು ಹೆಚ್ಚಳ’ ಎಂದು ಬರೆದಿದ್ದರು. ಬೇಕಾಗಿದ್ದದ್ದು ‘14.25ಕ್ಕೆ ಹೆಚ್ಚಳ’. ಕ್ಕೆ ಹೋಗಿ ರಷ್ಟು ಬಂದರೆ ಎರಡು ಇದ್ದದ್ದು ಹದಿನಾಲ್ಕಾಗುತ್ತದೆ. ಅದನ್ನು ಓದಿ ನಮ್ಮ ಶಾಲೆಯಲ್ಲಿ ಒಬ್ಬರು ಸ್ಕೂಟರ್ ವಿಚಾರಿಸಿಕೊಂಡು ಬಂದಿದ್ದರು.

ನಮ್ಮ ವಿಭಕ್ತಿಗಳಿಗೇ ಆ ಕೆಲಸ ಕೊಡಿ. ‘ಇಂದ’ ಇರಲಿ, ‘ಕ್ಕೆ’ ಇರಲಿ. ಹೊಸ ಪದ ಬೇಡ.

ಇನ್ನೊಬ್ಬರು, ಶಿಕ್ಷಣ ಇಲಾಖೆಯಿಂದ:

ಎಲ್ಲ ಸರಿ, ಆದರೆ ಮನೆಬಾಡಿಗೆ ಭತ್ಯೆ ಹೆಚ್ಚಲಿಲ್ಲ ಅಂತ ಹೇಗೆ ಹೇಳ್ತೀರಿ ಸರ್? ಅದೂ ಸಂಬಳದ ಮೇಲಿನ ಶೇಕಡಾವಾರು ತಾನೆ? ಸಂಬಳ ಹೆಚ್ಚಿದರೆ ಅದೂ ಹೆಚ್ಚಬೇಕು. ಹೋದ ವರ್ಷ ಜುಲೈಯಲ್ಲಿ ನನ್ನ ಪೇ ಸ್ಲಿಪ್‌ನಲ್ಲಿ ಎರಡೂ ಹೆಚ್ಚಾಗಿದ್ದವು. ಕಣ್ಣಾರೆ ನೋಡಿದ್ದೇನೆ.

ಸಂಬಳದ ಬಿಲ್ಲು ಮಾಡುತ್ತಿದ್ದ ನಿವೃತ್ತರು:

ನೀವು ನೋಡಿದ್ದು ನಿಜ. ಆದರೆ ಕಾರಣ ಬೇರೆ. ಜುಲೈಯಲ್ಲಿ ನಿಮಗೆ ವಾರ್ಷಿಕ ವೇತನ ಬಡ್ತಿ ಬಂದಿರಬೇಕು.

ಇಲ್ಲಿ ‘ಸಂಬಳ’ ಎಂಬ ಪದವೇ ದಾರಿ ತಪ್ಪಿಸುತ್ತದೆ. ಮನೆಯಲ್ಲಿ ಸಂಬಳ ಅಂದರೆ ಕೈಗೆ ಬಂದದ್ದು. ಬ್ಯಾಂಕಿನಲ್ಲಿ ಸಾಲಕ್ಕೆ ಹೋದರೆ ಒಟ್ಟು ಮೊತ್ತ. ಮನೆಬಾಡಿಗೆ ಭತ್ಯೆಯ ನಿಯಮಕ್ಕೆ ಇವೆರಡೂ ಬೇಡ, ಅದಕ್ಕೆ ಬೇಕಾದ್ದು ಮೂಲ ವೇತನ ಮಾತ್ರ. ತುಟ್ಟಿಭತ್ಯೆ ಮೂಲ ವೇತನದ ಪಕ್ಕದಲ್ಲಿ ಕೂರುತ್ತದೆ, ಒಳಗೆ ಸೇರುವುದಿಲ್ಲ. ಆದ್ದರಿಂದ ತುಟ್ಟಿಭತ್ಯೆ ಎಷ್ಟು ಏರಿದರೂ ಮನೆಬಾಡಿಗೆ ಭತ್ಯೆ ಅಲುಗಾಡುವುದಿಲ್ಲ. ಎರಡೂ ಮೂಲ ವೇತನದ ಮಕ್ಕಳು. ಅಣ್ಣ ಬೆಳೆದ ಅಂತ ತಮ್ಮ ಬೆಳೆಯುವುದಿಲ್ಲ.

ವೇತನ ಬಡ್ತಿ ಬಂದಾಗ ಮಾತ್ರ ಬೇರೆ ಮಾತು. 52,800ರ ಹಂತದಲ್ಲಿ ಮುಂದಿನ ಬಡ್ತಿ 1,375 ರೂಪಾಯಿ. ಮೂಲ ವೇತನ 54,175 ಆಗುತ್ತದೆ. ಆಗ ಶೇ 14.25ರ ತುಟ್ಟಿಭತ್ಯೆ 7,719 ರೂಪಾಯಿ 94 ಪೈಸೆ. ಐವತ್ತು ಪೈಸೆ ದಾಟಿದ್ದರಿಂದ 7,720 ಎಂದು ಬರೆಯುತ್ತಾರೆ. ಮನೆಬಾಡಿಗೆ ಭತ್ಯೆ 8,126. ಮೂರೂ ಒಟ್ಟಿಗೆ ಏರಿ, ತಿಂಗಳಿಗೆ 1,777 ಜಾಸ್ತಿ ಸಿಗುತ್ತದೆ. ತೊಂದರೆ ಏನೆಂದರೆ ತುಟ್ಟಿಭತ್ಯೆಯ ಪರಿಷ್ಕರಣೆಗೂ ಜುಲೈ ಒಂದು ತಾರೀಖು, ಬಹಳ ಜನರ ಬಡ್ತಿಗೂ ಅದೇ ತಿಂಗಳು. ಎರಡೂ ಸೇರಿ ಬಂದಾಗ ಯಾವುದು ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ. ಮೂಲ ವೇತನದ ಸಾಲು ಬದಲಾಗಿದೆಯಾ ನೋಡಿ. ಬದಲಾಗದೆ ಮನೆಬಾಡಿಗೆ ಭತ್ಯೆ ಏರಿದ್ದರೆ ಆಗ ನಿಜವಾಗಿಯೂ ಏನೋ ಆಗಿದೆ.

ಕೇಂದ್ರ ಸರ್ಕಾರದ ನೌಕರರು:

ಕ್ಷಮಿಸಿ, ನಮ್ಮಲ್ಲಿ ಹಾಗೇ ಆಗಿದೆ! 2024ರ ಜನವರಿಯಿಂದ ನಮ್ಮ ಡಿಎ ಶೇ 50 ಆಯಿತು. ಅದರ ಹಿಂದೆಯೇ ಮನೆಬಾಡಿಗೆಯೂ ಏರಿತು. ದೊಡ್ಡ ನಗರದಲ್ಲಿ 27 ಇದ್ದದ್ದು 30. ನನ್ನ ಮೂಲ ವೇತನ ಒಂದು ರೂಪಾಯಿಯೂ ಬದಲಾಗಿರಲಿಲ್ಲ. ‘ಅಲುಗಾಡುವುದಿಲ್ಲ’ ಅನ್ನಬೇಡಿ ಸರ್.

ಸಂಬಳದ ಬಿಲ್ಲು ಮಾಡುತ್ತಿದ್ದ ನಿವೃತ್ತರು:

ಒಪ್ಪಿದೆ. ನಾನು ರಾಜ್ಯದ ಲೆಕ್ಕ ಹೇಳುತ್ತಿದ್ದೆ, ಹಾಗೆಂದು ಮೊದಲೇ ಹೇಳಬೇಕಿತ್ತು. ನಿಮ್ಮಲ್ಲಿ 7ನೇ ವೇತನ ಆಯೋಗದ ನಂತರ ಮನೆಬಾಡಿಗೆ ಭತ್ಯೆಯ ದರ ಊರಿನ ಗಾತ್ರದಂತೆ ಶೇ 24, 16, 8 ಇತ್ತು. ಡಿಎ 25 ಮುಟ್ಟಿದಾಗ 27, 18, 9 ಆಯಿತು. 50 ಮುಟ್ಟಿದಾಗ 30, 20, 10. ಆದರೆ ಅಲ್ಲೂ ಭತ್ಯೆ ಲೆಕ್ಕ ಹಾಕುವುದು ಮೂಲ ವೇತನದ ಮೇಲೆಯೇ. ಡಿಎ ಒಂದು ಗಂಟೆ ಬಾರಿಸಿತು, ಗಂಟೆ ಕೇಳಿ ದರ ಬದಲಾಯಿತು. 46ರಿಂದ 50ಕ್ಕೆ ಹೋದಾಗ ಬಾರಿಸಿದ ಗಂಟೆ 50ರಿಂದ 53ಕ್ಕೆ ಹೋದಾಗ ಬಾರಿಸಲಿಲ್ಲ, ಅಲ್ವಾ?

ಕ್ವಾರ್ಟರ್ಸ್‌ನಲ್ಲಿರುವವರು:

ನನಗೆ ಮನೆಬಾಡಿಗೆ ಭತ್ಯೆಯೇ ಬರುವುದಿಲ್ಲ, ಸರ್ಕಾರಿ ವಸತಿಗೃಹದಲ್ಲಿದ್ದೇನೆ. ಪಕ್ಕದ ಮೇಜಿನವರು ಸ್ವಂತ ಮನೆಯಲ್ಲಿದ್ದಾರೆ, ಯಾರಿಗೂ ಬಾಡಿಗೆ ಕೊಡುವುದಿಲ್ಲ, ಅವರಿಗೆ ಬರುತ್ತದೆ. ಈ ಅನ್ಯಾಯಕ್ಕೆ ಕನ್ನಡದಲ್ಲಿ ಏನು ಪದ?

ಧಾರವಾಡದ ಮೇಷ್ಟ್ರು:

ಪದ ನಂತರ ಹುಡುಕೋಣ, ಮೊದಲು ಹೆಸರು ನೋಡಿ. ‘ಮನೆಬಾಡಿಗೆ’ ಎಂಬ ಹೆಸರೇ ಬಾಡಿಗೆ ರಸೀದಿ ಕೇಳುವಂತಿದೆ. ‘ವಸತಿ ಭತ್ಯೆ’ ಎಂದಿದ್ದರೆ ನಿಮಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮನೆ ಕೊಟ್ಟಿದ್ದಾರೆ, ಆದ್ದರಿಂದ ವಸತಿಯ ಹಣ ಇಲ್ಲ, ಅಷ್ಟೇ.

ಅಂದ ಹಾಗೆ ‘ತುಟ್ಟಿ’ ಎಂಬ ಪದ ನೋಡಿದಿರಾ? ನಮ್ಮ ಕಡೆ ಸಂತೆಯಲ್ಲಿ ಇವತ್ತಿಗೂ ‘ಭಾಳ ತುಟ್ಟಿ ಆತು’ ಅಂತಾರ. ಮೈಸೂರು ಕಡೆಯವರು ‘ದುಬಾರಿ’ ಅನ್ನುತ್ತಾರೆ. ಆದರೂ ಅವರ ಪೇ ಸ್ಲಿಪ್‌ನಲ್ಲೂ ಇರುವುದು ನಮ್ಮ ತುಟ್ಟಿಯೇ. ಇನ್ನು ‘ಭತ್ಯೆ’ ಬಂದದ್ದು ‘ಭತ್ತ’ದಿಂದ ಎಂದು ನನ್ನ ಅನುಮಾನ. ಸಂಬಳದ ಮೇಲೆ ಊಟಕ್ಕೆಂದು ಕೊಡುವ ಕಾಳು.

ಭಾಷಾಂತರ ಮಾಡುವವರು:

ಭತ್ತಕ್ಕೆ ನಾನು ಒಪ್ಪುವುದಿಲ್ಲ. ‘ಭೃತ್ಯ’, ‘ಭೃತಿ’ ಎಂಬ ಸಂಸ್ಕೃತದ ಮಾತುಗಳು ಹತ್ತಿರದಲ್ಲೇ ಇರುವಾಗ ಗದ್ದೆಗೆ ಯಾಕೆ ಹೋಗಬೇಕು? ಭೃತಿ ಅಂದರೆ ಕೂಲಿ, ಸಂಬಳ. ಇದನ್ನು ಬೇರೆ ಚರ್ಚೆಗೆ ಇಡೋಣ.

ಕರಡು ತಿದ್ದುವವಳು:

ಎಲ್ಲರಿಗೂ ಧನ್ಯವಾದ. ಭಾವನಿಗೆ 1,056 ಅಂತ ಹೇಳಿದೆ. ಅವರು ಬ್ಯಾಂಕಿನ ಮೆಸೇಜ್ ತೋರಿಸಿ, ‘ಬಂದದ್ದು 950ರ ಹತ್ತಿರ. ಈಗ ಉಳಿದ ನೂರು ಚಿಲ್ಲರೆ ರೂಪಾಯಿ ಯಾರು ಇಟ್ಕೊಂಡ್ರು?’ ಅಂದರು.

ಸಂಬಳದ ಬಿಲ್ಲು ಮಾಡುತ್ತಿದ್ದ ನಿವೃತ್ತರು:

ಅವರು ಎನ್‌ಪಿಎಸ್‌ನವರು ತಾನೆ? ಆ ಪಿಂಚಣಿ ಯೋಜನೆಗೆ ಹಿಡಿಯುವುದು ಮೂಲ ವೇತನ ಮತ್ತು ತುಟ್ಟಿಭತ್ಯೆ ಎರಡೂ ಸೇರಿದ್ದರ ಶೇ 10. ತುಟ್ಟಿಭತ್ಯೆ 1,056 ಹೆಚ್ಚಿದರೆ ಕಡಿತವೂ 106ರ ಹತ್ತಿರ ಹೆಚ್ಚುತ್ತದೆ. ಯಾರೂ ಇಟ್ಟುಕೊಂಡಿಲ್ಲ, ಅವರದೇ ಖಾತೆಗೆ ಹೋಗಿದೆ. ಗಮನಿಸಿ, ಮನೆಬಾಡಿಗೆ ಲೆಕ್ಕ ಹಾಕುವಾಗ ತುಟ್ಟಿಭತ್ಯೆ ಹೊರಗೆ, ಪಿಂಚಣಿಗೆ ಹಿಡಿಯುವಾಗ ಒಳಗೆ.

ಕರಡು ತಿದ್ದುವವಳು:

ಹಾಗಾದರೆ ಮುಂದಿನ ಸಂಚಿಕೆಯ ತಿದ್ದುಪಡಿ ಹೀಗೆ: ‘ತುಟ್ಟಿಭತ್ಯೆಯ ದರ 2025ರ ಜುಲೈಯಿಂದ ಮೂಲ ವೇತನದ ಶೇ 12.25ರಿಂದ ಶೇ 14.25ಕ್ಕೆ ಏರಿದೆ. 52,800 ಮೂಲ ವೇತನ ಇದ್ದವರಿಗೆ ತಿಂಗಳಿಗೆ 1,056 ರೂಪಾಯಿ ಹೆಚ್ಚು. ಮನೆಬಾಡಿಗೆ ಭತ್ಯೆಯಲ್ಲಿ ಬದಲಾವಣೆ ಇಲ್ಲ.’ ಸಂಪಾದಕರು ಆಗಲೇ ಫೋನ್ ಮಾಡಿದ್ದಾರೆ. ಶೀರ್ಷಿಕೆಗೆ ಇಷ್ಟುದ್ದ ಜಾಗ ಇಲ್ಲವಂತೆ, ‘ಶೇ 2ರಷ್ಟು’ ಅಂತಲೇ ಇರಲಿ ಅಂತಿದ್ದಾರೆ.

ಧಾರವಾಡದ ಮೇಷ್ಟ್ರು:

‘ತುಟ್ಟಿಭತ್ಯೆ ಶೇ 14.25ಕ್ಕೆ’ ಅಂತ ಹಾಕಿ. ಅದು ಇನ್ನೂ ಚಿಕ್ಕದು.